ಗೋಡೆಯ ಕಿಂಡಿ, ಜಪಾನಿನ ಗಾಲಿ

ಖಂಡಪ್ಪನ ಅಂಗಡಿಗೆ ಇದ್ದದ್ದು ಒಂದೇ ಗೋಡೆ, ಅದೂ ಅವನದಲ್ಲ. ಮುಲುಂಡಿನ ನವಕಿರಣ ಸೊಸೈಟಿಯ ಕಂಪೌಂಡ್ ಗೋಡೆಗೆ ಹೊರಗಿನಿಂದ ನೀಲಿ ತಾಡಪತ್ರಿ ಕಟ್ಟಿ, ಅದರಡಿ ಒಂದು ಕಟ್ಟಿಗೆಯ ಪೆಟ್ಟಿಗೆ, ಕಾಲಲ್ಲಿ ತುಳಿಯುವ ಪಂಪು, ನೀರು ತುಂಬಿದ ಕಬ್ಬಿಣದ ಘಮೇಲಿ ಇಟ್ಟುಕೊಂಡು ಕೂತ ಆ ಜಾಗಕ್ಕೆ ಅವನು 'ವರ್ಕ್ಸ್' ಎನ್ನುತ್ತಿದ್ದ. ತಗಡಿನ ಬೋರ್ಡಿನ ಮೇಲೂ ಹಾಗೆಯೇ ಬರೆಸಿದ್ದ: ಖಂಡಪ್ಪ ಟಾಯರ್ ವರ್ಕ್ಸ್. ಬೋರ್ಡು ಬರೆದವನು ಜಾಗ ಉಳಿಯಿತೆಂದು ಮೂಲೆಯಲ್ಲೊಂದು ತಾವರೆ ಬಿಡಿಸಿಕೊಟ್ಟಿದ್ದ. ಟೈರಿಗೂ ತಾವರೆಗೂ ಏನು ಸಂಬಂಧವೆಂದು ಯಾರಾದರೂ ಕೇಳಿದರೆ ಖಂಡಪ್ಪ, "ಎರಡೂ ನೀರಾಗ ತೇಲ್ತಾವ" ಅನ್ನುತ್ತಿದ್ದ.

ಅವನ ಬಾಯಲ್ಲಿ ಯಾವಾಗಲೂ ಇರುತ್ತಿದ್ದ ಇನ್ನೊಂದು ಮಾತು, "ನಾ ಬಿಚ್ಚದ ಗಾಲಿ ಇನ್ನೂ ಹುಟ್ಟಿಲ್ಲ" ಎಂಬುದು. ಸೈಕಲ್, ಸ್ಕೂಟರ್, ರಿಕ್ಷಾ, ಹಾಲಿನವನ ಡಬ್ಬಾಗಾಡಿ ಎಲ್ಲವನ್ನೂ ಬಿಚ್ಚಿದ್ದ. ಒಮ್ಮೆ ಆಸ್ಪತ್ರೆಯ ಗಾಲಿಕುರ್ಚಿಯೊಂದನ್ನು, ಅದರಲ್ಲಿ ಕೂತ ಮುದುಕರನ್ನು ಇಳಿಸದೆಯೇ ರಿಪೇರಿ ಮಾಡಿದ್ದನಂತೆ. ಕತೆ ಹೇಳುವಾಗ ಮುದುಕರಿಗೆ ಒಮ್ಮೊಮ್ಮೆ ನಿದ್ದೆಯೂ ಬಂದಿರುತ್ತಿತ್ತು.

ಅವನು ಹೇಳದೆ ಬಿಡುತ್ತಿದ್ದ ಕತೆ ಒಂದಿತ್ತು. ಇಂಡಿ ಕಡೆಯಿಂದ ಹೆಂಡತಿಯ ಜೊತೆ ಮುಂಬಯಿಗೆ ಬಂದ ಹೊಸದರಲ್ಲಿ ಅವನು ಬಿಗಾರಿ ಕೆಲಸ ಮಾಡಿದವನು. ಇದೇ ನವಕಿರಣ ಕಟ್ಟುವಾಗ ಅವನು ಕಲ್ಲು ಹೊತ್ತ, ಮಲ್ಲವ್ವ ತಲೆಯ ಮೇಲೆ ಸಿಮೆಂಟಿನ ಪುಟ್ಟಿ ಹೊತ್ತಳು. ಬಿಲ್ಡಿಂಗ್ ಎದ್ದು ನಿಂತ ಮೇಲೆ ಕಾಂಟ್ರಾಕ್ಟರ್ ತನ್ನ ಮಂದಿಯನ್ನು ಕಟ್ಟಿಕೊಂಡು ಗೋರೆಗಾಂವಿಗೆ ಹೋದ. ಖಂಡಪ್ಪ ಹೋಗಲಿಲ್ಲ. ವಾಚ್‌ಮನ್ನನ ಸೈಕಲ್ಲಿನ ಪಂಕ್ಚರ್ ತೆಗೆದದ್ದೇ ನೆಪವಾಗಿ ಗೋಡೆಯ ಪಕ್ಕ ಕೂತ, ಕೂತವನು ಮೇಲೇಳಲಿಲ್ಲ. ಮೆಕ್ಯಾನಿಕ್ ಆದ ಮೇಲೆ ಬಿಗಾರಿಯ ಮಾತು ಯಾಕೆ? ಹೆಂಡತಿ ಎತ್ತಿದರೆ, "ಏ, ಗಿರಾಕಿ ಅದಾವ" ಎಂದು ಬಾಯಿ ಮುಚ್ಚಿಸುತ್ತಿದ್ದ. ಗಿರಾಕಿ ಇಲ್ಲದಾಗಲೂ ಹಾಗೆಯೇ ಅನ್ನುತ್ತಿದ್ದ.

ಮಲ್ಲವ್ವ ಈಗ ನವಕಿರಣದ ನಾಲ್ಕಾರು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಹಾಗಾಗಿ ಸೊಸೈಟಿಯ ನೋಟೀಸ್ ಬೋರ್ಡಿಗಿಂತ ಮುಂಚೆ ಸುದ್ದಿ ಅವಳಿಗೆ ಗೊತ್ತಾಗುತ್ತಿತ್ತು. ಮಳೆಗಾಲ ಮುಗಿದ ಒಂದು ಶನಿವಾರ ಮಧ್ಯಾಹ್ನ ಅವಳು ಕೈ ಒರೆಸಿಕೊಳ್ಳುತ್ತ ಬಂದು ತಾಡಪತ್ರಿಯ ನೆರಳಲ್ಲಿ ಕೂತಳು.

"ಸುಮಿತ್ರಾಬಾಯಿ ಅಂದ್ರು, ನಾಳೆ ಸಂಜಿಮುಂದ ಮೀಟಿಂಗ್ ಐತಂತ. ನಮ್ಮ ಅಂಗಡಿ ತಗಸ್ರಿ ಅಂತ ಠಕ್ಕರ್ ಸೇಠ್ ಮುನಸಿಪಾಲ್ಟಿಗೆ ಬರಸ್ತಾರಂತ."

"ಯಾಕಂತ?"

"ಗೋಡಿ ಹಾಳಾಗಾಕತ್ತೈತಂತ. ಮಧ್ಯಾಹ್ನ ಹೊತ್ನ್ಯಾಗ ಬಡಿತೀರಂತ, ನಿದ್ದಿ ಬರಂಗಿಲ್ಲಂತ. ಘಮೇಲಿ ನೀರು ಗೇಟಿನ ಮುಂದ ಚೆಲ್ತೀರಂತ."

"ನೀರು ಚೆಲ್ಲದ ಕುಡೀಬೇಕೇನು?" ಎಂದ ಖಂಡಪ್ಪ. ಆದರೆ ದನಿಯಲ್ಲಿ ಗಾಳಿ ಸ್ವಲ್ಪ ಇಳಿದಿತ್ತು. ಈ ಗೋಡೆ ತಪ್ಪಿದರೆ ಇನ್ನೊಂದು ಗೋಡೆ ಹುಡುಕಬೇಕು. ಮುಲುಂಡಿನಲ್ಲಿ ಖಾಲಿ ಇದ್ದ ಗೋಡೆಗಳಿಗೆಲ್ಲ ಆಗಲೇ ಒಬ್ಬೊಬ್ಬ ಖಂಡಪ್ಪ ಒರಗಿ ಕೂತಿದ್ದ. "ನಿಮ್ಮ ಸೆಕ್ರೆಟರಿ ಸಾಹೇಬ್ರು ಏನಂತಾರ?"

"ಅವ್ರು 'ನೋಡೋಣ' ಅಂದ್ರಂತ."

ಸೆಕ್ರೆಟರಿ ಎಂದರೆ ಸತ್ಯಮೂರ್ತಿ, ಸುಮಿತ್ರಾಬಾಯಿಯ ಯಜಮಾನರು. ಮೈಸೂರು ಕಡೆಯವರು, ಬಾಂದ್ರಾದ ಆಫೀಸೊಂದರಲ್ಲಿ ದೊಡ್ಡ ಕುರ್ಚಿ, ಅದನ್ನು ತುಂಬುವಷ್ಟು ದೊಡ್ಡ ಮೈ. ಅವರ 'ನೋಡೋಣ' ಬಹಳ ಪ್ರಸಿದ್ಧವಾಗಿತ್ತು. ಅದರಿಂದ ಯಾರ ಕೆಲಸವೂ ಆದದ್ದಿಲ್ಲ, ಯಾರ ಆಸೆಯೂ ಬತ್ತಿದ್ದಿಲ್ಲ.

ಆ 'ನೋಡೋಣ' ಅವತ್ತು ಸಂಜೆಗೆ ಮುಂಚೆ ತಾನೇ ನಡೆದುಕೊಂಡು ಅಂಗಡಿಗೆ ಬಂತು.

"ಏನಯ್ಯಾ ಖಂಡಪ್ಪ, ಪುರುಸೊತ್ತಿದೆಯೇನು? ನಮ್ಮ ವಾಹನ ಸ್ವಲ್ಪ ನೋಡಬೇಕಲ್ಲ."

ಬೇರೆಯವರದು ಸ್ಕೂಟರ್, ಸತ್ಯಮೂರ್ತಿಗಳದು ವಾಹನ. ಹಡಗಿನಲ್ಲಿ ಕೆಲಸ ಮಾಡುವ ಅವರ ಭಾವಮೈದುನ ಜಪಾನಿನಿಂದ ತಂದು ಕೊಟ್ಟದ್ದು. ಗೇರಿಲ್ಲ, ಕಿಕ್ ಹೊಡೆಯಬೇಕಾಗಿಲ್ಲ, ಬಟನ್ ಒತ್ತಿದರೆ ಬೆಕ್ಕಿನ ಹಾಗೆ ಗುರ್ ಅನ್ನುತ್ತದೆ. ಹಿಂದಿನ ಗಾಲಿಯಲ್ಲಿ ಗಾಳಿ ನಿಲ್ಲುತ್ತಿಲ್ಲವೆಂದು ಮಳೆಗಾಲ ಪೂರ್ತಿ ಅದು ಪ್ಲಾಸ್ಟಿಕ್ ಹೊದ್ದು ಕಂಪೌಂಡಿನಲ್ಲಿ ಮಲಗಿತ್ತು. ಹಾಗೆಯೇ ಮಲಗಿರುತ್ತಿತ್ತೇನೋ. ಆದರೆ ಕಂಪೌಂಡಿನಲ್ಲಿ ಓಡದೆ ಬಿದ್ದಿರುವ ಗಾಡಿಗಳನ್ನು ಮುಂದಿನ ಮೀಟಿಂಗಿನೊಳಗೆ ಎತ್ತಿಸತಕ್ಕದ್ದು, ತಪ್ಪಿದಲ್ಲಿ ಗುಜರಿಗೆ ಹಾಕಲಾಗುವುದು ಎಂದು ನೋಟೀಸ್ ಹಚ್ಚಿದ ಸೆಕ್ರೆಟರಿಯೂ ಇದೇ ಸತ್ಯಮೂರ್ತಿ. ಬೆಳಿಗ್ಗೆ ಚೇರ್ಮನ್ ಠಕ್ಕರ್ ಲಿಫ್ಟಿನಲ್ಲಿ ನಗುತ್ತ, "ಗುಜರಿಯವನನ್ನು ನೀವೇ ಕರೀತೀರೋ, ನಾನು ಕರೀಲೋ?" ಎಂದಿದ್ದ.

"ನಾಳೆ ಸಂಜೆಯೊಳಗೆ ಅದು ಕಾಲ ಮೇಲೆ ನಿಲ್ಲಬೇಕು ಕಣಯ್ಯಾ. ಆಮೇಲೆ ನಿನ್ನ ವಿಚಾರಾನೂ ಮೀಟಿಂಗ್‌ನಲ್ಲಿದೆ. ನೋಡೋಣ. ಕೆಲಸ ಗೊತ್ತಿರೋ ಮನುಷ್ಯ ಅಂತ ನಾನು ಹೇಳಬೇಕಾದರೆ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಉಳಿದರ್ಧ ಖಂಡಪ್ಪನಿಗೆ ತಿಳಿಯಿತು. "ನಾ ಬಿಚ್ಚದ ಗಾಲಿ ಇನ್ನೂ ಹುಟ್ಟಿಲ್ರಿ ಸಾಹೇಬ್ರ" ಎಂದು ಪಾನಾ ಹಿಡಿದು ಎದ್ದ.

ನಟ್ಟು ಬಿಚ್ಚಿ ಗಾಲಿ ಕಳಚುವವರೆಗೆ ಎಲ್ಲ ಸಲೀಸು. ಅಂಗಡಿಗೆ ತಂದು, ಗಾಳಿ ತುಂಬಿ, ಘಮೇಲಿಯಲ್ಲಿ ಅದ್ದಿದ. ಮೊಳೆ ಚುಚ್ಚಿದ್ದರೆ ಒಂದೇ ಕಡೆ ಗುಳ್ಳೆ ಬರಬೇಕು. ಇಲ್ಲಿ ಟೈರು ರಿಮ್ಮಿಗೆ ಕೂಡುವ ಅಂಚಿನುದ್ದಕ್ಕೂ ಸಣ್ಣ ಸಣ್ಣ ಗುಳ್ಳೆಗಳು, ಅನ್ನದ ಗಂಜಿ ಕುದಿಯುವ ಹಾಗೆ ಎದ್ದವು. ಅಂಚಿನಲ್ಲಿ ಕೆಂಪಗೆ ತುಕ್ಕು. ಸರಿ, ರಿಮ್ಮು ಎರಡು ಹೋಳು ಮಾಡಿ ಒಳಗೆ ನೋಡಿದರಾಯಿತು ಎಂದುಕೊಂಡ.

ನಮ್ಮ ಊರಿನ ಸ್ಕೂಟರುಗಳ ರಿಮ್ಮು ಎರಡು ಬಟ್ಟಲುಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದ ಹಾಗಿರುತ್ತದೆ. ಅವನ್ನು ಹಿಡಿದಿರುವ ಇನ್ನೊಂದು ಸುತ್ತಿನ ನಟ್ಟು ಬಿಚ್ಚಿದರೆ ಬಟ್ಟಲೆರಡು ಬೇರೆಯಾಗಿ, ಟೈರು ತಾನಾಗಿ ಬಿಟ್ಟುಕೊಂಡು, ಟ್ಯೂಬು ಮಗುವಿನ ಹಾಗೆ ಕೈಗೆ ಬರುತ್ತದೆ. ಖಂಡಪ್ಪನ ಕೈಗಳು ಆ ಎರಡನೇ ಸುತ್ತಿನ ನಟ್ಟುಗಳನ್ನು ಕಣ್ಣು ಮುಚ್ಚಿಯೂ ಹುಡುಕಬಲ್ಲವು. ಈಗ ಕಣ್ಣು ತೆರೆದು ಹುಡುಕಿದರೂ ಸಿಗಲಿಲ್ಲ. ತುಕ್ಕಿನಡಿ ಇದ್ದೀತೆಂದು ಕೆರೆದ. ಬಣ್ಣದಡಿ ಇದ್ದೀತೆಂದು ಚಿಮಣಿ ಎಣ್ಣೆ ಹಚ್ಚಿ ತಿಕ್ಕಿದ. ಗಾಲಿ ಥಳಥಳ ಹೊಳೆಯಿತು, ನಟ್ಟು ಮಾತ್ರ ಕಾಣಲಿಲ್ಲ.

"ಏನಾಯ್ತಯ್ಯಾ?"

"ಇದರ ನಟ್ಟು ಜಪಾನದಾಗ ಉಳದಾವ್ರಿ ಸಾಹೇಬ್ರ."

"ನಟ್ಟಿಲ್ಲದೆ ಇಷ್ಟು ದಿನ ಓಡ್ತೇನು? ಇದು ಟ್ಯೂಬ್‌ಲೆಸ್ ಕಣಯ್ಯಾ. ಒಳಗೆ ಟ್ಯೂಬೇ ಇರೋಲ್ಲ. ರಿಮ್ಮೂ ಒಂದೇ ತುಂಡು."

ಖಂಡಪ್ಪ ಅವರನ್ನು ಕನಿಕರದಿಂದ ನೋಡಿದ. ಬಂದರಿನಲ್ಲಿ ಯಾರೋ ಟ್ಯೂಬ್ ಎಗರಿಸಿದ್ದಾರೆ, ಪಾಪ, ಈ ದೊಡ್ಡ ಮನುಷ್ಯರನ್ನು ಹೀಗೆ ಹೇಳಿ ನಂಬಿಸಿದ್ದಾರೆ. "ಟ್ಯೂಬಿಲ್ಲಂದ್ರ ಗಾಳಿ ಎಲ್ಲಿ ಕುಂದ್ರತೈತ್ರಿ?"

ಸತ್ಯಮೂರ್ತಿ ಪೆಟ್ಟಿಗೆಯ ಮೇಲೆ ಕೂತು, ಎರಡು ಬೆರಳೆತ್ತಿ, ಆಫೀಸಿನಲ್ಲಿ ಕೈಕೆಳಗಿನವರಿಗೆ ಹೇಳುವ ಧಾಟಿಯಲ್ಲಿ ವಿವರಿಸಿದರು. ಟೈರಿನ ಎರಡೂ ಕಡೆ ದಪ್ಪ ಅಂಚಿದೆ, ಅದರೊಳಗೆ ತಂತಿಯ ಬಳೆ. ಆ ಅಂಚು ರಿಮ್ಮಿನ ತುಟಿಗೆ ಗಟ್ಟಿಯಾಗಿ ಕಚ್ಚಿ ಕೂತಿರುತ್ತದೆ, ಗಾಳಿಯನ್ನು ಹಿಡಿಯುವುದು ಅದೇ. ಅದು ಕೂತ ಜಾಗದಲ್ಲಿ ತುಕ್ಕು ಹಿಡಿದರೆ ಗಾಳಿ ಸೋರುತ್ತದೆ. ಬಿಚ್ಚಿ, ತುಕ್ಕು ಉಜ್ಜಿ, ಮತ್ತೆ ಕೂರಿಸಬೇಕು. ಭಾವಮೈದುನ ಎಲ್ಲ ಹೇಳಿದ್ದಾನೆ.

"ಬಿಚ್ಚೂದು ಹೆಂಗಂತ ಹೇಳ್ಯಾರೇನ್ರಿ?"

ಸತ್ಯಮೂರ್ತಿಯ ಎರಡು ಬೆರಳು ಮೆಲ್ಲಗೆ ಕೆಳಗಿಳಿದವು. "ಅದಕ್ಕೆ ಮೆಷಿನ್ ಇರುತ್ತಂತೆ. ಜಪಾನಿನಲ್ಲಿ."

ನಟ್ಟೂ ಜಪಾನಿನಲ್ಲಿ, ಮೆಷಿನ್ನೂ ಜಪಾನಿನಲ್ಲಿ. ಮುಲುಂಡಿನಲ್ಲಿದ್ದದ್ದು ಗಾಲಿ ಒಂದೇ. ಖಂಡಪ್ಪ ವಾಲ್ವಿನ ಪಿನ್ನು ತೆಗೆದು ಇದ್ದ ಗಾಳಿಯನ್ನೆಲ್ಲ ಬಿಟ್ಟ. ಟೈರಿನ ಮೇಲೆ ಹತ್ತಿ ನಿಂತು ಕುಣಿದ. ನಡುವೆ ರಬ್ಬರ್ ತಗ್ಗಿತು, ಅಂಚು ಅಲ್ಲಾಡಲಿಲ್ಲ. ಲಿವರ್ ತೂರಿಸಲು ನೋಡಿದ. ಕಾಗದ ತೂರುವಷ್ಟೂ ಸಂದಿಲ್ಲ. ಜೋರು ಮಾಡಿದರೆ ಲಿವರ್ ಜಾರಿ ಅಂಚಿನ ರಬ್ಬರು ಕೆತ್ತುತ್ತಿತ್ತು.

"ಅಯ್ಯಯ್ಯೋ, ಅಂಚು ಕಿತ್ತರೆ ಮುಗೀತು ಕಣೋ! ಆಮೇಲೆ ಗಾಳಿ ನಿಲ್ಲೋದೇ ಇಲ್ಲ!" ಎಂದು ಸತ್ಯಮೂರ್ತಿ ತಮ್ಮದೇ ತುಟಿ ಕಿತ್ತುಹೋದಂತೆ ಬಾಯಿಗೆ ಕೈ ಅಡ್ಡ ಹಿಡಿದರು.

ಖಂಡಪ್ಪ ದೊಡ್ಡ ಸುತ್ತಿಗೆ ತೆಗೆದು ಟೈರಿನ ಪಕ್ಕೆಗೆ ಬಾರಿಸಿದ. ಜಪಾನಿನ ರಬ್ಬರು ಬಂದದ್ದನ್ನು ಬಂದ ಹಾಗೆಯೇ ವಾಪಸ್ ಕಳಿಸುವ ಜಾತಿಯದು. ಸುತ್ತಿಗೆ ಪುಟಿದು ಅವನ ಹಣೆಗೇ ಬಂತು. ಹುಬ್ಬಿನ ಮೇಲೆ ನಿಂಬೆಗಾತ್ರದ ಗಂಟು ಎದ್ದಿತು. ಮೇಲಿನ ಬಾಲ್ಕನಿಯಿಂದ ಠಕ್ಕರ್ ಇಣುಕಿ, "ಸೆಕ್ರೆಟರಿ ಸಾಬ್, ಗೋಡೆ ಇದೆಯೋ ಹೋಯಿತೋ?" ಎಂದು ಹಿಂದಿಯಲ್ಲಿ ಕೇಳಿ ಒಳಗೆ ಹೋದ. ಸತ್ಯಮೂರ್ತಿಯೂ ನಿಟ್ಟುಸಿರು ಬಿಟ್ಟು, "ನೋಡೋಣ, ಬೆಳಿಗ್ಗೆ ಬರ್ತೀನಿ" ಎಂದು ಎದ್ದರು. ಈ ಸಲದ 'ನೋಡೋಣ'ದಲ್ಲಿ ಆಸೆ ಅಷ್ಟಾಗಿ ಕಾಣಲಿಲ್ಲ.

ಮಲ್ಲವ್ವ ಅಷ್ಟು ಹೊತ್ತೂ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದಳು. ಸಾಹೇಬರು ಗೇಟು ದಾಟಿದ ಮೇಲೆ ಸೆರಗು ತೆಗೆದಳು.

"ಹುಟ್ಟಿತಲ್ಲ?"

"ಏನು?"

"ನೀವು ಬಿಚ್ಚದ ಗಾಲಿ."

"ಸುಮ್ಮಕಿರು. ಹಣಿ ಸಿಡಿಯಾಕತ್ತೈತಿ."

"ರೊಟ್ಟಿ ಹಂಚಿಗೆ ಹತ್ತಿದ್ರ ಸುತ್ತಿಗಿ ತಗೊಂಡು ನಡಕ್ಕ ಬಡೀತಾರೇನು? ಅಂಚಿಗುಂಟ ನೀರ ಬಿಟ್ಟು, ಒಂದೀಟು ತಡದು, ಒಂದ ಕಡಿಂದ ಸುತ್ತಾಕಿ ಎಬ್ಬಸ್ತಾರ."

"ಇದು ರೊಟ್ಟಿ ಅಲ್ಲ."

"ಹೌದ್ ಬಿಡ್ರಿ, ರೊಟ್ಟಿ ಆಗಿದ್ರ ನಿಮಗ ತಿನ್ನಾಕರೆ ಬರ್ತಿತ್ತು."

ಖಂಡಪ್ಪ ಸ್ವಲ್ಪ ಹೊತ್ತು ಬಿಟ್ಟು, ಅವಳು ನೋಡದ ಹಾಗೆ, ಬಟ್ಟೆಸೋಪನ್ನು ನೀರಲ್ಲಿ ಕದಡಿ ರಿಮ್ಮಿನ ಅಂಚಿಗುಂಟ ಹುಯ್ದ. ಅವಳು ನೋಡಿದಳು. ನೋಡಿ ಸೋಪು ಎಷ್ಟು ಹಾಳಾಯಿತೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಳು.

ನೀರೇನೋ ಬಿಟ್ಟದ್ದಾಯಿತು, ಇನ್ನು ಒತ್ತುವುದು ಹೇಗೆ? ಮೈಭಾರವೆಲ್ಲ ಹಾಕಿದರೂ ಅಲ್ಲಾಡಲಿಲ್ಲ. ಭಾರ ಬೇಕು, ಅದೂ ಅಂಗೈ ಅಗಲದ ಜಾಗದಲ್ಲಿ, ರಿಮ್ಮಿಗೆ ತಾಗಿದಂತೆ ಆದರೆ ರಿಮ್ಮಿನ ಮೇಲೆ ಬೀಳದಂತೆ. ಗೋಡೆಗೆ ಒರಗಿ ಯೋಚಿಸುತ್ತಿದ್ದವನ ಕೈಗೆ ಗೋಡೆಯ ಬುಡದ ಕಿಂಡಿ ತಾಕಿತು. ಮಳೆನೀರು ಹೊರಗೆ ಹೋಗಲೆಂದು ನೆಲದಿಂದ ಗೇಣೆತ್ತರಕ್ಕೆ ಬಿಟ್ಟ ಕಿಂಡಿ. ಗೋಡೆ ಕಟ್ಟುವಾಗ ಮೇಸ್ತ್ರಿ ಅದನ್ನು ಬಿಡುವುದು ಮರೆತು, ಆಮೇಲೆ ಇಟ್ಟಿಗೆ ಬಿಡಿಸಿ, ಮೇಲೊಂದು ಕಡಪಾ ಚಪ್ಪಡಿ ಇಡಿಸಿದ್ದ. ಚಪ್ಪಡಿ ಎತ್ತಿಟ್ಟವನು ಖಂಡಪ್ಪ. ಅಂಥ ಚಪ್ಪಡಿಗಳನ್ನು ಕೈಯಿಂದ ಎತ್ತುತ್ತಿರಲಿಲ್ಲ. ಹಾರೆಯ ತುದಿಯನ್ನು ಎಲ್ಲಾದರೂ ಸಿಕ್ಕಿಸಿ, ಇನ್ನೊಂದು ತುದಿಗೆ ಮೈಭಾರ ಕೊಟ್ಟರೆ ಒಬ್ಬ ಬಿಗಾರಿ ಐದಾರು ಮಂದಿಯ ಕೆಲಸ ಮಾಡುತ್ತಿದ್ದ.

"ಮಲ್ಲವ್ವ, ಆ ಉದ್ದನ ಹಲಗಿ ಎಲ್ಲೈತಿ? ಪಾಯಡದ ಮ್ಯಾಲ ನಿಂದ್ರಾಕ ಹಾಕತಿದ್ವಲ್ಲ, ಅದು?"

"ಬಿಗಾರಿ ಇದ್ದಾಗಿಂದೇನು?" ಎಂದಳು ಅವಳು ಬೇಕೆಂದೇ ಗಟ್ಟಿಯಾಗಿ.

"ಹೂಂ, ಅದ" ಎಂದ ಖಂಡಪ್ಪ. ಗಿರಾಕಿ ಅದಾವ ಅನ್ನಲಿಲ್ಲ.

ಭಾನುವಾರ ಬೆಳಿಗ್ಗೆ ಸತ್ಯಮೂರ್ತಿ ಪಂಚೆ ಬನಿಯನ್ನಿನಲ್ಲಿ ಬಂದಾಗ ಗೋಡೆಯ ಬುಡದಲ್ಲಿ ಗೋಣಿಚೀಲ ಹಾಸಿ, ಗಾಲಿಯನ್ನು ಅಡ್ಡ ಮಲಗಿಸಿ, ರಿಮ್ಮಿನ ಪಕ್ಕದಲ್ಲೇ ಟೈರಿನ ಮೇಲೆ ಒಂದು ಸಣ್ಣ ಕಟ್ಟಿಗೆಯ ತುಂಡು ನಿಲ್ಲಿಸಿಯಾಗಿತ್ತು. ತುಂಡಿನ ಮೇಲೆ ಹಲಗೆ. ಹಲಗೆಯ ಒಂದು ತುದಿ ಕಿಂಡಿಯೊಳಗೆ ಚಪ್ಪಡಿಯ ಅಡಿಗೆ, ಇನ್ನೊಂದು ತುದಿ ಫುಟ್‌ಪಾತಿನ ಅರ್ಧದವರೆಗೆ ಚಾಚಿತ್ತು. ಆ ತುದಿಯ ಮೇಲೆ ಖಂಡಪ್ಪ ಕೂತು ಜೀಕುತ್ತಿದ್ದ. ಟೈರು ಒಂದಿಷ್ಟು ನರಳಿ ಸುಮ್ಮನಾಗುತ್ತಿತ್ತು. ಮಲ್ಲವ್ವನೂ ಕೂತಳು. ಇಬ್ಬರೂ ರೊಟ್ಟಿ, ಖಾರ ತಿಂದು ಒಣಗಿದ ಜೀವಗಳು. ಸಾಲಲಿಲ್ಲ.

ಇಬ್ಬರೂ ಒಟ್ಟಿಗೆ ಸೆಕ್ರೆಟರಿಯವರನ್ನು ಮೇಲಿಂದ ಕೆಳಗೆ ನೋಡಿದರು. ಆ ನೋಟದ ಅರ್ಥ ಅವರಿಗೆ ತಡವಾಗಿ ಹೊಳೆಯಿತು.

"ಛೆ ಛೆ! ರಸ್ತೇಲಿ? ನಾನು? ಯಾರಾದರೂ ನೋಡಿದರೆ?"

"ಸಂಜಿಗೆ ಮೀಟಿಂಗ್ ಐತ್ರಿ ಸಾಹೇಬ್ರ" ಎಂದ ಖಂಡಪ್ಪ.

ಸತ್ಯಮೂರ್ತಿ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಹಾಲಿನವನು ಹೋಗುವವರೆಗೆ ಆಕಾಶ ನೋಡಿದರು. ಆಮೇಲೆ ಪಂಚೆ ಸಾವರಿಸಿಕೊಂಡು, ಸಿಂಹಾಸನದ ಮೇಲೆ ಕೂರುವವರ ಗಾಂಭೀರ್ಯದಿಂದ ಹಲಗೆಯ ತುದಿಯ ಮೇಲೆ ಕೂತರು.

ಟಪ್!

ಒಂದಲ್ಲ, ಎರಡು ಸದ್ದು. ಮೊದಲನೆಯದು ಟೈರಿನದು: ಅಷ್ಟು ಹೊತ್ತು ಕಚ್ಚಿ ಕೂತಿದ್ದ ಅಂಚು ತುಕ್ಕಿನ ಹಿಡಿತ ಬಿಟ್ಟು ರಿಮ್ಮಿನ ನಡುವಿನ ತಗ್ಗಿಗೆ ಜಾರಿತು. ಎರಡನೆಯದು ಗೋಡೆಯದು: ಚಪ್ಪಡಿ ಅಲ್ಲಾಡಲಿಲ್ಲ, ಆದರೆ ಅದರ ಮೇಲಿನ ಪ್ಲಾಸ್ಟರ್ ತಟ್ಟೆಯಗಲ ಕಳಚಿ ಕೆಳಗೆ ಬಿತ್ತು. ಮೂರನೆಯ ಸದ್ದು ಸತ್ಯಮೂರ್ತಿ ನೆಲಕ್ಕೆ ಕೂತದ್ದು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

"ಬಿಡ್ತೋ? ಬಿಡ್ತೇನೋ?" ಎಂದು ಅವರು ಬಿದ್ದಲ್ಲಿಂದಲೇ ಕೇಳಿದರು.

"ಬಿಟ್ಟೈತ್ರಿ! ಬೊಟ್ಟು ಹೋಗ್ತೈತಿ ನೋಡ್ರಿ!"

ಒಂದು ಕಡೆ ಬಿಟ್ಟ ಮೇಲೆ ಉಳಿದದ್ದು ಅಷ್ಟು ಹಟ ಮಾಡಲಿಲ್ಲ. ಖಂಡಪ್ಪ ಗಾಲಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ತುಂಡು ನಿಲ್ಲಿಸಿ, "ಕುಂದರ್ರಿ" ಅನ್ನುತ್ತಿದ್ದ, ಸೆಕ್ರೆಟರಿ ಕೂರುತ್ತಿದ್ದರು. "ಏಳ್ರಿ" ಅನ್ನುತ್ತಿದ್ದ, ಏಳುತ್ತಿದ್ದರು. ಸುತ್ತು ಮುಗಿದ ಮೇಲೆ ಗಾಲಿ ಮಗುಚಿ ಆ ಕಡೆಯ ಅಂಚಿಗೂ ಸೋಪುನೀರು ಹುಯ್ದು ಹಾಗೆಯೇ ಮಾಡಿದರು. ಆಫೀಸಿನಲ್ಲಿ ಅವರನ್ನು ಹೀಗೆ ಏಳಿಸಿ ಕೂರಿಸಬಲ್ಲವರು ಯಾರೂ ಇರಲಿಲ್ಲ. ಅವರ ಮುಖ ನೋಡಿದರೆ ಇಷ್ಟು ದಿನ ಅದೊಂದು ಕೊರತೆಯಿತ್ತೇನೋ ಅನ್ನಿಸುವಂತಿತ್ತು.

ಆಮೇಲಿನದು ಖಂಡಪ್ಪನ ಕೈಗೆ ಗೊತ್ತಿದ್ದ ಕೆಲಸ. ಒಂದು ಕಡೆಯ ಅಂಚನ್ನು ನಡುವಿನ ತಗ್ಗಿಗೆ ತುಳಿದಿಟ್ಟರೆ ಎದುರು ಕಡೆ ಸಡಿಲಾಗುತ್ತದೆ, ಲಿವರ್ ಹಾಕಿದರೆ ಮೆತ್ತಗೆ ಬರುತ್ತದೆ. ಒಳಗೆ ಬಗ್ಗಿ ನೋಡಿದ. ಟ್ಯೂಬು ನಿಜಕ್ಕೂ ಇರಲಿಲ್ಲ. ಕದ್ದ ಗುರುತೂ ಇರಲಿಲ್ಲ. ಬಂದರಿನವರ ಬಗ್ಗೆ ತಾನು ತಪ್ಪು ತಿಳಿದೆನಲ್ಲ ಎಂದುಕೊಂಡು, ತಂತಿ ಬ್ರಶ್ಶಿನಿಂದ ತುಕ್ಕು ಉಜ್ಜಿ, ಪಾಲಿಶ್ ಕಾಗದದಿಂದ ನುಣ್ಣಗೆ ಮಾಡಿ, ಟೈರು ಮತ್ತೆ ಹಾಕಿದ. ಕಾಲುಪಂಪಿನ ಗಾಳಿ ಅಂಚಿನ ಸಂದಿಯಿಂದ ಭುಸ್ಸೆಂದು ಹೊರಗೇ ಹೋಗುತ್ತಿತ್ತು. ಅಂಚು ರಿಮ್ಮಿಗೆ ಒತ್ತಲೆಂದು ಖಂಡಪ್ಪ ಟೈರಿನ ಹೊರಸುತ್ತಿಗೆ ಹಗ್ಗ ಬಿಗಿದು, ಕೋಲು ಹಾಕಿ ತಿರುವಿದ. ಪೆಟ್ರೋಲ್ ಪಂಪಿನವರೆಗೆ ಗಾಲಿಯನ್ನು ಸತ್ಯಮೂರ್ತಿಯೇ ಮಗುವಿನಂತೆ ಎತ್ತಿಕೊಂಡು ನಡೆದರು. ಅಲ್ಲಿಯ ಜೋರು ಗಾಳಿಗೆ ಅಂಚುಗಳು ಟಪ್, ಟಪ್ ಎಂದು ತಮ್ಮ ಜಾಗಕ್ಕೆ ಹೋಗಿ ಕೂತವು. ವಾಪಸ್ ಬಂದು ಘಮೇಲಿಯಲ್ಲಿ ಅದ್ದಿದಾಗ ಒಂದು ಗುಳ್ಳೆಯೂ ಏಳಲಿಲ್ಲ.

ಸಂಜೆ ಮೀಟಿಂಗು ಕಂಪೌಂಡಿನೊಳಗೆ ಕುರ್ಚಿ ಹಾಕಿಕೊಂಡು ನಡೆಯಿತು. ಖಂಡಪ್ಪನೂ ಮಲ್ಲವ್ವನೂ ಗೋಡೆಯ ಹೊರಗೆ ಕೂತಿದ್ದರು. ಕಿಂಡಿಯಿಂದ ಮಾತು ಚೆನ್ನಾಗಿ ಕೇಳಿಸುತ್ತಿತ್ತು. ಮೊದಲು ವಾಹನ ಗುರ್ ಎಂದು ಕಂಪೌಂಡಿಗೆ ಒಂದು ಸುತ್ತು ಹಾಕಿದ್ದು ಕೇಳಿಸಿತು. ಎರಡನೆಯ ಸುತ್ತೂ ಕೇಳಿಸಿತು, ಅದರ ಅಗತ್ಯ ಇರಲಿಲ್ಲ. ಆಮೇಲೆ ಅಂಗಡಿಯ ವಿಷಯ ಬಂತು.

"ಬೇರೆ ಪುರಾವೆ ಯಾಕೆ?" ಠಕ್ಕರನ ದನಿ. "ಹೊರಗೆ ಹೋಗಿ ನೋಡಿ, ನಿನ್ನೆ ಇದ್ದ ಪ್ಲಾಸ್ಟರ್ ಇವತ್ತಿಲ್ಲ. ನಾಳೆ ಗೋಡೆಯೇ ಇರೋದಿಲ್ಲ. ಈಗಲೇ ಮುನಿಸಿಪಾಲಿಟಿಗೆ ಬರೆಯಿರಿ, ಸೆಕ್ರೆಟರಿ ಸಾಬ್."

ಮಲ್ಲವ್ವ ಗಂಡನ ಮೊಣಕೈ ಹಿಡಿದಳು. ಸತ್ಯಮೂರ್ತಿ ಈಗ 'ನೋಡೋಣ' ಅಂದರೆ ಸಾಕಿತ್ತು, ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ. ಕುರ್ಚಿಯೊಂದು ಕಿರುಗುಟ್ಟಿತು. ಅದು ಅವರದೇ ಎಂದು ಖಂಡಪ್ಪನಿಗೆ ಭಾರದಿಂದಲೇ ತಿಳಿಯಿತು.

"ಬರೆಯಬಹುದು" ಎಂದರು ಸತ್ಯಮೂರ್ತಿ, ತಮ್ಮ ಮೈಸೂರಿನ ಹಿಂದಿಯಲ್ಲಿ. "ಆದರೆ ಸರಿಯಾಗಿ ಬರೆಯಬೇಕಾಗುತ್ತದೆ. ಸದರಿ ಪ್ಲಾಸ್ಟರ್ ಬಿದ್ದದ್ದು ಸೆಕ್ರೆಟರಿಯ ತೂಕದಿಂದ. ಸೆಕ್ರೆಟರಿ ಹಲಗೆಯ ಮೇಲೆ ಕೂತಿದ್ದ. ಅನೇಕ ಬಾರಿ."

ಯಾವುದೋ ಹೆಂಗಸು ಕಿಸಕ್ಕೆಂದಳು. ಸುಮಿತ್ರಾಬಾಯಿಯೇ ಇರಬೇಕು. ಆಮೇಲೆ ಎಲ್ಲರೂ ನಕ್ಕರು. ಬಹಳ ಹೊತ್ತು ನಕ್ಕರು. ಎಲ್ಲರಿಗಿಂತ ಕೊನೆಗೆ ನಗು ನಿಲ್ಲಿಸಿದವನು ಠಕ್ಕರ್. ಹಲಗೆಯ ಕತೆಯನ್ನು ಸತ್ಯಮೂರ್ತಿ ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಹೇಳುವಾಗ ಹಲಗೆಯ ಉಪಾಯ ಅರ್ಧ ಅವರದೇ ಆಗಿತ್ತು. ಕೊನೆಗೆ, ಅಂಗಡಿಯವನು ಮಧ್ಯಾಹ್ನದ ಹೊತ್ತು ಬಡಿಯಬಾರದು, ನೀರು ಗಟಾರಕ್ಕೇ ಚೆಲ್ಲಬೇಕು, ಗೋಡೆ ರಿಪೇರಿ ಮಾಡಿಸಬೇಕು, ಹಾಗಿದ್ದರೆ ಇರಲಿ ಎಂದಾಯಿತು.

"ಗೋಡಿಗೆ ಮೇಸ್ತ್ರಿನ ಎಲ್ಲಿಂದ ಹುಡುಕೂದು?" ಎಂದಳು ಮಲ್ಲವ್ವ, ಮುಖ ಆ ಕಡೆ ತಿರುಗಿಸಿ.

ಮರುದಿನ ಬೆಳಿಗ್ಗೆ ಸ್ಟೇಶನ್ನಿಗೆ ಹೊರಟವರೆಲ್ಲ ನೋಡಿಕೊಂಡು ಹೋಗುವಂತೆ ಖಂಡಪ್ಪ ಕರಣಿ ಹಿಡಿದು ಗೋಡೆಗೆ ಗಾರೆ ಮೆತ್ತುತ್ತಿದ್ದ. ಮಲ್ಲವ್ವ ಪುಟ್ಟಿಯಲ್ಲಿ ಕಲಸಿ ಕೊಡುತ್ತಿದ್ದಳು. ರಿಕ್ಷಾದವನೊಬ್ಬ, "ಅರೆ ಉಸ್ತಾದ್, ಇದು ಯಾವಾಗ ಕಲಿತೆ?" ಎಂದದ್ದಕ್ಕೆ, "ಈ ಬಿಲ್ಡಿಂಗ್ ಯಾರು ಕಟ್ಯಾರಂತ ತಿಳಿದೀಯೊ?" ಎಂದು ಕರಣಿಯನ್ನು ಏಳನೇ ಮಹಡಿಯವರೆಗೂ ತೋರಿಸಿದ. ಗಾಲಿಕುರ್ಚಿಯ ಮುದುಕರ ಕತೆ ಅಂದಿನಿಂದ ಹಿಂದೆ ಬಿತ್ತು.

ಪ್ಲಾಸ್ಟರ್ ಮೊದಲಿಗಿಂತ ನುಣ್ಣಗೆ ಬಂತೆಂದು ಠಕ್ಕರನೇ ಒಪ್ಪಿದ. ಕಿಂಡಿ ಮಾತ್ರ ಮೊದಲಿಗಿಂತ ಎರಡು ಬೆರಳು ಅಗಲವಾಗಿತ್ತು, ಹಲಗೆ ಸರಾಗವಾಗಿ ಹೋಗುವಷ್ಟು. ಅದನ್ನು ಗಮನಿಸಿದವರು ಒಬ್ಬರೇ. ಸತ್ಯಮೂರ್ತಿ ವಾಹನ ನಿಲ್ಲಿಸಿ, ಕಿಂಡಿಯನ್ನು ನೋಡಿ, ಮುಂದಿನ ಗಾಲಿಯನ್ನು ನೋಡಿದರು. ಅದರ ಅಂಚಿನಲ್ಲೂ ಸಣ್ಣಗೆ ತುಕ್ಕು ಹಿಡಿಯುತ್ತಿತ್ತು.

"ಬರೂ ಐತ್ವಾರ ಬರ್ರಿ ಸಾಹೇಬ್ರ" ಎಂದ ಖಂಡಪ್ಪ. "ನಾಷ್ಟಾ ಮಾಡ್ಕೊಂಡ ಬರ್ರಿ."